ಬಾರದ ಲೆಕ್ಕ ಸೊನ್ನೆಯಲ್ಲ

ಡ್ಯಾಶ್‌ಬೋರ್ಡ್ ಎಂಬ ಪದ ಈಗ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್‌ಗಳಿಂದ ಹಿಡಿದು ಜಿಲ್ಲಾ ಮಟ್ಟದ ಕಚೇರಿಗಳವರೆಗೆ ಎಲ್ಲೆಡೆ ಕೇಳಿಬರುತ್ತಿದೆ. ದೊಡ್ಡ ಪರದೆ, ಅದರ ನಡುವೆ ಒಂದು ದಪ್ಪ ಅಂಕಿ, ಪಕ್ಕದಲ್ಲಿ ಹಸಿರು ಅಥವಾ ಕೆಂಪು ಬಾಣ. ಬಾಣ ಮೇಲೆ ಹೋದರೆ ಎಲ್ಲರಿಗೂ ಸಮಾಧಾನ, ಕೆಳಗಿಳಿದರೆ ಯಾರಿಗೋ ಫೋನ್ ಹೋಗುತ್ತದೆ. ಹಾಲು ಒಕ್ಕೂಟಗಳಲ್ಲಿ ಹಳ್ಳಿ ಹಳ್ಳಿಯ ಸಂಘಗಳಿಂದ ಬರುವ ದಿನದ ಲೆಕ್ಕವನ್ನು ಒಟ್ಟು ಮಾಡಿ ತೋರಿಸುವ ಪರದೆಗೂ ಈ ಮಾತು ಅನ್ವಯಿಸುತ್ತದೆ. ಇಂಥ ಪರದೆಯಲ್ಲಿ ಎದ್ದು ಕಾಣಬೇಕಾದದ್ದು ಒಟ್ಟು ಎಷ್ಟು ಲೀಟರ್ ಎಂಬುದಷ್ಟೇ ಅಲ್ಲ, ಆ ಒಟ್ಟಿನ ಹಿಂದೆ ಎಷ್ಟು ಸಂಘಗಳ ಲೆಕ್ಕ ಇದೆ ಎಂಬುದು ಎನ್ನುವುದು ನನ್ನ ವಾದ. ಅದನ್ನು ತೋರಿಸದ ಡ್ಯಾಶ್‌ಬೋರ್ಡ್ ಇಲ್ಲದಿರುವುದೇ ವಾಸಿ. ಏಕೆಂದರೆ ಅದು ನೆಟ್‌ವರ್ಕ್ ಇಲ್ಲದ ಊರನ್ನು ಹಾಲಿಲ್ಲದ ಊರು ಎಂದು ತೋರಿಸುತ್ತದೆ.

ಮೊದಲು ಲೆಕ್ಕ ಹುಟ್ಟುವ ಜಾಗ ನೋಡೋಣ. ನಮ್ಮ ಊರುಗಳಲ್ಲಿ ಡೇರಿ ಎಂದರೆ ಹಾಲು ಉತ್ಪಾದಕರ ಸಹಕಾರ ಸಂಘ. ಸಂಘಗಳ ಮೇಲೆ ಹಾಲು ಒಕ್ಕೂಟ, ಒಕ್ಕೂಟಗಳ ಮೇಲೆ ಮಹಾಮಂಡಳ. ಗುಜರಾತಿನ ಆಣಂದ್‌ನಲ್ಲಿ ಬೆಳೆದ ಈ ಮೂರು ಹಂತದ ಮಾದರಿಯೇ ಕರ್ನಾಟಕದಲ್ಲೂ ಇದೆ. ದಿನಕ್ಕೆ ಎರಡು ಹೊತ್ತು ಸದಸ್ಯರು ಹಾಲು ತರುತ್ತಾರೆ. ಹಾಲು ತೂಕದ ಯಂತ್ರಕ್ಕೆ ಹೋಗುತ್ತದೆ, ಸ್ವಲ್ಪ ಸ್ಯಾಂಪಲ್ ತೆಗೆದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡುತ್ತಾರೆ, ಚೀಟಿ ಬರುತ್ತದೆ. ಸದಸ್ಯರ ಸಂಖ್ಯೆ, ದಿನಾಂಕ, ಹೊತ್ತು, ಹಾಲಿನ ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್, ದರ, ಇಷ್ಟು ಒಂದು ಸಾಲು. ಒಂದು ಹೊತ್ತಿನಲ್ಲಿ ನೂರು ಜನ ಹಾಲು ಹಾಕಿದರೆ ನೂರು ಸಾಲು. ಹಾಲು ಹಾಕಿಸಿಕೊಂಡು ಮುಗಿದ ಮೇಲೆ ಯಂತ್ರ ಅಥವಾ ಅದಕ್ಕೆ ಜೋಡಿಸಿದ ಕಂಪ್ಯೂಟರ್ ಈ ಸಾಲುಗಳನ್ನು ಒಕ್ಕೂಟದ ಸರ್ವರ್‌ಗೆ ಕಳಿಸುತ್ತದೆ. ಸದಸ್ಯರ ಬಟವಾಡೆ ನಿಂತಿರುವುದು ಈ ಸಾಲುಗಳ ಮೇಲೆ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನವೂ ಸದಸ್ಯರು ಹಾಕಿದ ಹಾಲಿನ ಲೆಕ್ಕದ ಮೇಲೆಯೇ ನಿಂತಿದೆ.

ಈಗ ಒಂದು ಹೊತ್ತಿನ ಲೆಕ್ಕ ಒಕ್ಕೂಟಕ್ಕೆ ಬರಲಿಲ್ಲ ಎನ್ನಿ. ಅದಕ್ಕೆ ಹಲವು ಕಾರಣಗಳಿರಬಹುದು. ಕರೆಂಟ್ ಹೋಗಿ, ಬ್ಯಾಟರಿಯೂ ಮುಗಿದು, ಕಾರ್ಯದರ್ಶಿಯವರು ಪುಸ್ತಕದಲ್ಲಿ ಬರೆದುಕೊಂಡಿರಬಹುದು. ಸಿಮ್‌ಗೆ ಸಿಗ್ನಲ್ ಸಿಗದೆ ಸಾಲುಗಳು ಯಂತ್ರದಲ್ಲೇ ಉಳಿದಿರಬಹುದು. ಯಂತ್ರದೊಳಗಿನ ಗಡಿಯಾರದ ಸಣ್ಣ ಬ್ಯಾಟರಿ ಸತ್ತು, ಇವತ್ತಿನ ಹಾಲು ಬೇರಾವುದೋ ದಿನಾಂಕದಲ್ಲಿ ಕೂತಿರಬಹುದು. ಅಥವಾ ಊರಲ್ಲಿ ಸಾವಾಗಿಯೋ ಇನ್ನಾವುದೋ ಕಾರಣಕ್ಕೋ ಡೇರಿ ತೆರೆಯದೆ, ಆ ಹೊತ್ತು ನಿಜವಾಗಿಯೂ ಹಾಲು ಹಾಕಿಸಿಕೊಳ್ಳದೇ ಇರಬಹುದು. ಈ ನಾಲ್ಕರಲ್ಲಿ ಕೊನೆಯದು ಮಾತ್ರ ಸೊನ್ನೆ. ಉಳಿದ ಮೂರರಲ್ಲಿ ಹಾಲು ಬಂದಿದೆ, ಲೆಕ್ಕ ಬಂದಿಲ್ಲ. ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಹಾಗಾಗಿ ನಿಜವಾದ ಸೊನ್ನೆ ಅಪರೂಪ, ಬಾರದ ಲೆಕ್ಕ ದಿನನಿತ್ಯದ ಸಂಗತಿ.

ಡೇಟಾಬೇಸ್ ಪಾಠದಲ್ಲಿ ಈ ವ್ಯತ್ಯಾಸವನ್ನು ನಾವು ಮೂರನೇ ಸೆಮಿಸ್ಟರ್ ಹೊತ್ತಿಗೇ ಕಲಿಯುತ್ತೇವೆ. `0` ಎಂದರೆ ಇಲ್ಲ ಎಂದು ಗೊತ್ತಿದೆ, `NULL` ಎಂದರೆ ಗೊತ್ತಿಲ್ಲ. ಆದರೆ ಚಾರ್ಟ್ ಚಂದ ಕಾಣಲಿ ಎಂದು `NULL` ಇದ್ದಲ್ಲೆಲ್ಲ `0` ತುಂಬುವುದು ಬಹಳ ಸುಲಭದ ಕೆಲಸ. ಹಾಲಿನ ಲೆಕ್ಕದಲ್ಲಿ ಸಮಸ್ಯೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಬಾರದ ಸಂಘದ ಸಾಲು `NULL` ಆಗಿಯೂ ಬರುವುದಿಲ್ಲ, ಬರುವುದೇ ಇಲ್ಲ. ಬಂದ ಸಾಲುಗಳನ್ನಷ್ಟೇ ಕೂಡಿದರೆ ಬಾರದವರು ಯಾರೆಂದು ಕಂಪ್ಯೂಟರಿಗೆ ಗೊತ್ತಾಗುವ ದಾರಿಯೇ ಇಲ್ಲ. ತರಗತಿಯಲ್ಲಿ ಹಾಜರಿ ಪುಸ್ತಕ ಇಲ್ಲದೆ, ‘ಹಾಜರ್’ ಎಂದವರನ್ನು ಮಾತ್ರ ಎಣಿಸಿದಂತೆ ಅದು. ಯಾರು ಬಂದಿಲ್ಲ ಎಂದು ಹೇಳಬೇಕಾದರೆ ಮೊದಲು ಯಾರು ಬರಬೇಕಿತ್ತು ಎಂಬ ಪಟ್ಟಿ ಬೇಕು. ಆದ್ದರಿಂದ ಲೆಕ್ಕ ಆರಂಭವಾಗಬೇಕಾದದ್ದು ಬಂದ ದಾಖಲೆಗಳಿಂದಲ್ಲ, ಒಕ್ಕೂಟದ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತಿರುವ ಸಂಘಗಳ ಪಟ್ಟಿಯಿಂದ. ಪ್ರತಿ ಸಂಘಕ್ಕೂ ದಿನಕ್ಕೆ ಎರಡು ಖಾನೆ, ಬೆಳಗ್ಗೆ ಒಂದು, ಸಂಜೆ ಒಂದು. ಲೆಕ್ಕ ಬಂದಾಗ ಖಾನೆ ತುಂಬುತ್ತದೆ. ತುಂಬದ ಖಾನೆ ಖಾಲಿಯಾಗಿಯೇ ಕಾಣಬೇಕು.

ಇದರಿಂದ ಆಗುವ ವ್ಯತ್ಯಾಸ ಎಷ್ಟು ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಲೆಕ್ಕದ ಅನುಕೂಲಕ್ಕೆ 500 ಸಂಘಗಳಿರುವ ಒಂದು ಒಕ್ಕೂಟ ಇದೆ ಎಂದಿಟ್ಟುಕೊಳ್ಳಿ. ಕಳೆದ ವಾರ ಇದೇ ದಿನ ಬೆಳಗ್ಗೆ ಅಲ್ಲಿ 1,65,000 ಲೀಟರ್ ಹಾಲು ಬಂದಿತ್ತು. ಇವತ್ತು ಬೆಳಗ್ಗೆ ಹತ್ತು ಗಂಟೆಗೆ ಪರದೆಯ ಮೇಲೆ 1,48,500 ಲೀಟರ್ ಎಂದಿದೆ. ಪಕ್ಕದಲ್ಲಿ ಕೆಂಪು ಬಾಣ, ಶೇ 10 ಇಳಿಕೆ. 16,500 ಲೀಟರ್ ಕಡಿಮೆ ಎಂದರೆ ಸಣ್ಣ ಮಾತಲ್ಲ. ಇದನ್ನು ನಂಬಿದವರು ಹಾಲಿನ ಪುಡಿ ಮಾಡುವ ಘಟಕಕ್ಕೆ ಹೋಗಬೇಕಿದ್ದ ಟ್ಯಾಂಕರ್ ನಿಲ್ಲಿಸಬಹುದು, ಪಕ್ಕದ ಒಕ್ಕೂಟದಿಂದ ಹಾಲು ಕೇಳಬಹುದು. ಮಧ್ಯಾಹ್ನ ನಿಜವಾದ ಹಾಲು ಬಂದು ನಿಂತಾಗ ಅದನ್ನಿಡಲು ಸೈಲೋದಲ್ಲಿ ಜಾಗ ಹುಡುಕಬೇಕಾಗುತ್ತದೆ. ನಾಳೆ ನೋಡೋಣ ಎಂದು ಬಿಡಲು ಹಾಲು ಕಬ್ಬಿಣವಲ್ಲ.

ಈಗ ಅದೇ ಪರದೆಯಲ್ಲಿ ಇನ್ನೊಂದು ಸಾಲು ಸೇರಿಸೋಣ. ‘500 ಸಂಘಗಳ ಪೈಕಿ 448 ಸಂಘಗಳ ಲೆಕ್ಕ ಬಂದಿದೆ.’ ಒಡನೆಯೇ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಇದೇ 448 ಸಂಘಗಳು ಕಳೆದ ವಾರ ಇದೇ ದಿನ ಎಷ್ಟು ಕೊಟ್ಟಿದ್ದವು? ತೆಗೆದು ನೋಡಿದರೆ 1,47,200 ಲೀಟರ್ ಎಂದಿಟ್ಟುಕೊಳ್ಳಿ. ಹಾಗಾದರೆ ಲೆಕ್ಕ ಬಂದ ಸಂಘಗಳಲ್ಲಿ ಹಾಲು 1,300 ಲೀಟರ್ ಹೆಚ್ಚಾಗಿದೆ, ಸುಮಾರು ಶೇ 0.9 ಏರಿಕೆ. ಬಾಣ ಕೆಂಪಾಗಿ ಕೆಳಗಲ್ಲ, ಹಸಿರಾಗಿ ಮೇಲಿರಬೇಕಿತ್ತು. ಉಳಿದ 52 ಸಂಘಗಳು ಕಳೆದ ವಾರ ಕೊಟ್ಟದ್ದು 17,800 ಲೀಟರ್. ಅಷ್ಟೇ ಇವತ್ತೂ ಬರಬಹುದೆಂದು ಹಿಡಿದರೆ ಬೆಳಗಿನ ಹಾಲು 1,66,300 ಲೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಅಂದಾಜನ್ನು ತೋರಿಸಬಹುದು, ಆದರೆ ಬಂದ ಲೆಕ್ಕದೊಂದಿಗೆ ಬೆರೆಸಬಾರದು. ಬಂದದ್ದು ಗಾಢ ಬಣ್ಣದಲ್ಲಿ, ಅಂದಾಜು ತೆಳು ಬಣ್ಣದಲ್ಲಿ, ಎರಡೂ ಬೇರೆ ಬೇರೆ ಕಾಣಲಿ. ಹೋಲಿಕೆಗೆ ನಿನ್ನೆಯ ಬದಲು ಕಳೆದ ವಾರದ ದಿನವನ್ನು ತೆಗೆದುಕೊಳ್ಳಲು ಕಾರಣವಿದೆ. ನಿನ್ನೆಯ ಲೆಕ್ಕವೇ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಆ 52 ಸಂಘಗಳ ಹೆಸರುಗಳನ್ನು ಹಾಲಿನ ಮಾರ್ಗದ ಪ್ರಕಾರ ಜೋಡಿಸಿದರೆ ಕಾರಣವೂ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಅವುಗಳಲ್ಲಿ 40ಕ್ಕೂ ಹೆಚ್ಚು ಸಂಘಗಳು ಒಂದೇ ಹೋಬಳಿಯವಾದರೆ ಅದು ಟವರಿನ ತೊಂದರೆ ಅಥವಾ ಕರೆಂಟಿನ ತೊಂದರೆ. ಜಿಲ್ಲೆಯ ಉದ್ದಗಲಕ್ಕೂ ಚದುರಿದ್ದರೆ ಒಂದೊಂದರದ್ದೂ ಬೇರೆ ಕಾರಣ. ಯಾವುದೋ ಸಂಘದ ನಿನ್ನೆಯ ಹಾಲು ದಿಢೀರನೆ ಎರಡರಷ್ಟಾಗಿ, ಇವತ್ತಿನದು ಖಾಲಿ ಇದ್ದರೆ ಯಂತ್ರದ ದಿನಾಂಕ ನೋಡಬೇಕು. ನಿನ್ನೆಯದು ಎರಡರಷ್ಟಾಗಿ ಇವತ್ತಿನದೂ ಸರಿಯಾಗಿದ್ದರೆ, ಹೋಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಒಂದೇ ಲೆಕ್ಕವನ್ನು ಎರಡು ಸಲ ಕಳಿಸಿರುವ ಸಾಧ್ಯತೆ ಹೆಚ್ಚು. ಸಂಘದ ಸಂಖ್ಯೆ, ದಿನಾಂಕ, ಹೊತ್ತು, ಸದಸ್ಯರ ಸಂಖ್ಯೆ ಮತ್ತು ಚೀಟಿಯ ಕ್ರಮಸಂಖ್ಯೆ ಐದೂ ಒಂದೇ ಆಗಿರುವ ಸಾಲು ಎರಡನೇ ಸಲ ಬಂದರೆ ಅದನ್ನು ಸೇರಿಸಿಕೊಳ್ಳದಂತೆ ಸರ್ವರ್‌ನಲ್ಲೇ ತಡೆಯಬಹುದು. ಚೀಟಿಯ ಕ್ರಮಸಂಖ್ಯೆ ಬಿಟ್ಟರೆ ಅನ್ಯಾಯವಾಗುತ್ತದೆ. ಒಂದೇ ಮನೆಯವರು ಹಸುವಿನ ಹಾಲು ಬೇರೆ, ಎಮ್ಮೆಯ ಹಾಲು ಬೇರೆ ಹಾಕುವುದುಂಟು. ಆಗ ಎರಡನೇ ಪಾತ್ರೆಯ ಹಾಲು ನಕಲು ಎಂದು ಅಳಿಸಿಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಬಾರದ ಲೆಕ್ಕದ ಮಾತು. ಬಂದ ಲೆಕ್ಕದಲ್ಲೂ ಕಣ್ಣಿಗೆ ಮಣ್ಣೆರಚುವ ಒಂದು ಸಂಗತಿ ಇದೆ, ಅದು ಲೀಟರ್ ಮತ್ತು ಕಿಲೋ. ಒಂದೇ ಹಾಲಿಗೆ ಎರಡು ಕಡೆ ದಾಖಲೆ ಇರುತ್ತದೆ. ಸದಸ್ಯರಿಂದ ಪಡೆದದ್ದು ಸಂಘದಲ್ಲಿ, ಸಂಘದಿಂದ ಬಂದದ್ದು ಒಕ್ಕೂಟದಲ್ಲಿ. ಸಂಘದಲ್ಲಿ ಸದಸ್ಯರ ಚೀಟಿ ಲೀಟರಿನಲ್ಲಿದ್ದು, ಒಕ್ಕೂಟದಲ್ಲಿ ತೂಕ ಕಿಲೋದಲ್ಲಿ ಆಗುತ್ತಿದ್ದರೆ ಎರಡನ್ನೂ ನೇರವಾಗಿ ಪಕ್ಕಪಕ್ಕ ಇಡುವಂತಿಲ್ಲ. ಹಾಲು ನೀರಿಗಿಂತ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಶೇ 3ರಷ್ಟು ಎಂದರೆ ಸಣ್ಣದೆನಿಸಬಹುದು. ಒಂದು ಸಂಘದ ಒಂದು ದಿನದ ಲೆಕ್ಕದಲ್ಲಿ ಅದನ್ನು ಇಟ್ಟು ನೋಡೋಣ.

ಸಂಘದಲ್ಲಿ ಬೆಳಗ್ಗೆ 412 ಲೀಟರ್, ಸಂಜೆ 338 ಲೀಟರ್, ಒಟ್ಟು 750 ಲೀಟರ್ ಬಂತು. ಊರಲ್ಲೇ ಮಾರಿದ್ದು 40 ಲೀಟರ್. ಹಾಗಾದರೆ ಒಕ್ಕೂಟಕ್ಕೆ ಹೋಗಬೇಕಾದದ್ದು 710 ಲೀಟರ್. ಒಕ್ಕೂಟದ ದಾಖಲೆಯಲ್ಲಿ 710 ಎಂದೇ ಇದೆ. ಪರದೆ ನೋಡಿದವರಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ, ಪಕ್ಕದಲ್ಲಿ ಹಸಿರು ಗುರುತೂ ಬೀಳುತ್ತದೆ. ಆದರೆ ಒಕ್ಕೂಟದ 710 ಕಿಲೋ. 710 ಲೀಟರ್ ಹಾಲು ಹೋಗಿದ್ದರೆ ಅಲ್ಲಿ 731 ಕಿಲೋ ತೂಗಬೇಕಿತ್ತು. 710 ಕಿಲೋ ಎಂದರೆ 689 ಲೀಟರ್ ಮಾತ್ರ. ಸುಮಾರು 21 ಲೀಟರ್ ದಾರಿಯಲ್ಲೆಲ್ಲೋ ಕಾಣೆಯಾಗಿದೆ. ಕ್ಯಾನಿಗೆ ಅಂಟಿದ್ದು, ಚೆಲ್ಲಿದ್ದು, ಸ್ಯಾಂಪಲ್‌ಗೆ ತೆಗೆದದ್ದು ಎಂದು ಒಂದೆರಡು ಲೀಟರ್ ಬಿಟ್ಟರೂ ಉಳಿದದ್ದಕ್ಕೆ ಉತ್ತರ ಬೇಕು. ಇದೇ ರೀತಿ ನಡೆದರೆ ತಿಂಗಳಿಗೆ 600 ಲೀಟರಿಗೂ ಹೆಚ್ಚು. ಸಂಘ ಸದಸ್ಯರಿಗೆ 750 ಲೀಟರಿನ ಹಣ ಕೊಟ್ಟಿರುತ್ತದೆ, ಆದರೆ ಅಷ್ಟು ಹಾಲಿನ ಹಣ ಸಂಘಕ್ಕೆ ಬಂದಿರುವುದಿಲ್ಲ. ಆ ನಷ್ಟ ಸಂಘದ ಲಾಭದಿಂದ ಹೋಗುತ್ತದೆ, ಅಂದರೆ ವರ್ಷದ ಕೊನೆಗೆ ಸದಸ್ಯರಿಗೆ ಬರಬೇಕಾದ ಬೋನಸ್ಸಿನಿಂದ.

ಕಾರಣ ಕಳ್ಳತನವೇ ಆಗಬೇಕೆಂದಿಲ್ಲ. ಒಂದು ಕಡೆಯ ತೂಕದ ಯಂತ್ರ ಸರಿ ಇಲ್ಲದಿರಬಹುದು. ಎಂಥ ಕಾರಣ ಎಂಬುದನ್ನು ವ್ಯತ್ಯಾಸದ ಸ್ವಭಾವವೇ ಸ್ವಲ್ಪ ಮಟ್ಟಿಗೆ ಹೇಳುತ್ತದೆ. ಹಾಲು ಹೆಚ್ಚಿದಂತೆ ವ್ಯತ್ಯಾಸವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿದ್ದರೆ ಮೊದಲು ಯಂತ್ರವನ್ನು ಅನುಮಾನಿಸಬೇಕು. ಕೆಲವು ದಿನ ಮಾತ್ರ ಬಂದು ಹೋಗುತ್ತಿದ್ದರೆ ಆ ದಿನಗಳಲ್ಲಿ ಏನಾಯಿತು ಎಂದು ಕೇಳಬೇಕು. ಇದಕ್ಕೊಂದು ಮಿತಿಯೂ ಇದೆ. ನಾಲ್ಕೈದು ಸಂಘಗಳ ಹಾಲು ಒಂದೇ ಬಿಎಂಸಿಗೆ, ಅಂದರೆ ಹಾಲನ್ನು 4 ಡಿಗ್ರಿಗೆ ತಣಿಸಿಡುವ ದೊಡ್ಡ ತೊಟ್ಟಿಗೆ ಸೇರುತ್ತಿದ್ದರೆ, ಟ್ಯಾಂಕರಿನ ತೂಕ ಆ ಸಂಘಗಳೆಲ್ಲದರ ಒಟ್ಟು ಲೆಕ್ಕವನ್ನಷ್ಟೇ ಹೇಳುತ್ತದೆ. ತೊಟ್ಟಿಗೆ ಸುರಿಯುವ ಮೊದಲು ಪ್ರತಿ ಸಂಘದ ಹಾಲನ್ನು ಅಲ್ಲಿ ಅಳೆದು ಬರೆದಿರದಿದ್ದರೆ ಯಾವ ಡ್ಯಾಶ್‌ಬೋರ್ಡೂ ಅದನ್ನು ಬಿಡಿಸಿ ಹೇಳಲಾರದು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಪರದೆಯನ್ನು ಹೇಗೆ ಬಳಸುತ್ತಾರೆ ಎಂಬುದು ಉಳಿಯುತ್ತದೆ. ಇದೇ ನನಗೆ ಹೆಚ್ಚು ಮುಖ್ಯವೆನಿಸುವುದು. ತಡವಾಗಿ ಲೆಕ್ಕ ಕಳಿಸುವ ಹತ್ತು ಸಂಘಗಳ ಹೆಸರನ್ನು ಕೆಂಪಿನಲ್ಲಿ ಹಾಕುವ ಯೋಚನೆ ಯಾರಿಗಾದರೂ ಬರುತ್ತದೆ. ಶಿಸ್ತು ಬರುತ್ತದೆ ಎಂದು ಅವರು ಹೇಳಬಹುದು. ಆದರೆ ಆ ಪಟ್ಟಿಯಲ್ಲಿ ಮೊದಲು ಸೇರುವುದು ಸೋಮಾರಿ ಸಂಘಗಳಲ್ಲ, ಗುಡ್ಡದ ಹಿಂದೆ ಸಿಗ್ನಲ್ ಸಿಗದ ಸಂಘಗಳು. ತಿಂಗಳಲ್ಲಿ ನಾಲ್ಕು ಸಲ ಬೈಸಿಕೊಂಡ ಕಾರ್ಯದರ್ಶಿ ಐದನೇ ಸಲ ಏನು ಮಾಡುತ್ತಾರೆ? ನಿನ್ನೆಯ ಅಂಕಿಗಳನ್ನು ನೋಡಿಕೊಂಡು ಇವತ್ತಿನದನ್ನು ಅಂದಾಜಿನಲ್ಲಿ ತುಂಬಿಸಿ ಕಳಿಸುತ್ತಾರೆ. ಪರದೆ ಹಸಿರಾಗುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಖಾಲಿ ಖಾನೆಯನ್ನು ಸಂಜೆ ತುಂಬಬಹುದಿತ್ತು. ಸುಳ್ಳು ಅಂಕಿ ತುಂಬಿದ ಖಾನೆಯನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ.

ಇಂಥ ತುಂಬಿಸಿದ ಲೆಕ್ಕವನ್ನು ಗುರುತಿಸುವುದು ಕಷ್ಟವಲ್ಲ. ನೂರು ಜನ ಸಾಲಿನಲ್ಲಿ ನಿಂತು ಹಾಲು ಹಾಕಲು ಒಂದು ಗಂಟೆಯಾದರೂ ಬೇಕು. ಸಾಲುಗಳ ಸಮಯ ಆರು ಗಂಟೆಯಿಂದ ಏಳೂಕಾಲರವರೆಗೆ ಹರಡಿದ್ದರೆ ಸಹಜ. ನೂರು ಸಾಲುಗಳೂ ಹತ್ತು ನಿಮಿಷದಲ್ಲಿ ಮುಗಿದಿದ್ದರೆ ಕೂತು ಟೈಪ್ ಮಾಡಿದ್ದು. ಬೇರೆ ಬೇರೆ ಮನೆಯ ಹಸುಗಳ ಹಾಲಿನ ಫ್ಯಾಟ್ ಎಲ್ಲದರದ್ದೂ ಒಂದೇ ಬಂದರೆ ಅದೂ ಅನುಮಾನಕ್ಕೆ ಕಾರಣ. ಆದರೆ ಟೈಪ್ ಮಾಡಿದ್ದೆಲ್ಲ ಸುಳ್ಳಲ್ಲ. ಕರೆಂಟ್ ಹೋದ ದಿನ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ನಿಯತ್ತಾಗಿ ಕಂಪ್ಯೂಟರಿಗೆ ಹಾಕಿದವರ ಲೆಕ್ಕವೂ ಹತ್ತು ನಿಮಿಷದಲ್ಲೇ ಮುಗಿದಿರುತ್ತದೆ. ಹಾಗಾಗಿ ‘ಇದು ಕೈಬರಹದಿಂದ ಹಾಕಿದ್ದು’ ಎಂದು ಹೇಳಲು ಒಂದು ಗುಂಡಿ ಬೇಕು, ಅದನ್ನು ಒತ್ತಿದವರಿಗೆ ಯಾವ ಶಿಕ್ಷೆಯೂ ಇರಬಾರದು. ನಿಜ ಹೇಳುವ ದಾರಿ ಸುಳ್ಳು ಹೇಳುವ ದಾರಿಗಿಂತ ಸುಲಭವಾಗಿದ್ದರೆ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ.

ಇಷ್ಟು ಎಚ್ಚರ ಯಾಕೆ ಎಂದು ಕೇಳಬಹುದು. ಹಾಲು ನಿಜವಾಗಿಯೂ ಕಡಿಮೆಯಾಗುವ ದಿನಗಳಿವೆ, ಆ ದಿನವನ್ನು ಹಿಡಿಯುವುದಕ್ಕೇ ಈ ಪರದೆ ಇರುವುದು. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ಹಸುಗಳನ್ನು ಕಾಡಿತು. ಇಂಥ ರೋಗ ಬಂದ ಊರಲ್ಲಿ ಹಾಲಿನ ಲೆಕ್ಕ ಒಂದು ಗುರುತು ಬಿಡುತ್ತದೆ. ಡೇರಿಗೆ ಬರುವ ಸದಸ್ಯರ ಸಂಖ್ಯೆ ಮೊದಮೊದಲು ಹೆಚ್ಚು ಬದಲಾಗುವುದಿಲ್ಲ, ಒಬ್ಬೊಬ್ಬರು ತರುವ ಹಾಲು ಕಡಿಮೆಯಾಗುತ್ತದೆ. ಅದಕ್ಕೆ ಬದಲಾಗಿ ಒಬ್ಬೊಬ್ಬರ ಹಾಲು ಅಷ್ಟೇ ಇದ್ದು, ಬರುವವರ ಸಂಖ್ಯೆ ಇಳಿದರೆ ಕೆಲವರು ಖಾಸಗಿಯವರಿಗೆ ಹಾಲು ಹಾಕಲು ಶುರು ಮಾಡಿರಬಹುದು. ಮೊದಲನೆಯದಕ್ಕೆ ಪಶುವೈದ್ಯರು ಹೋಗಬೇಕು, ಎರಡನೆಯದಕ್ಕೆ ಸಂಘದ ಆಡಳಿತ ಮಂಡಳಿ ಕೂರಬೇಕು. ಪ್ರತಿದಿನ 50 ಊರುಗಳು ನೆಟ್‌ವರ್ಕ್ ಇಲ್ಲದ್ದಕ್ಕೇ ಕೆಂಪಾಗುತ್ತಿದ್ದರೆ, ರೋಗದಿಂದ ಕೆಂಪಾದ 51ನೇ ಊರು ಯಾರ ಕಣ್ಣಿಗೆ ಬೀಳುತ್ತದೆ?

ಐದು ನಿಮಿಷಕ್ಕೊಮ್ಮೆ ತಾನಾಗಿ ಹೊಸದಾಗುವ ಪರದೆ ನೋಡಲು ಚಂದ. ಆದರೆ ದಿನಕ್ಕೆ ಎರಡೇ ಹೊತ್ತು ಬರುವ ಲೆಕ್ಕಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹತ್ತು ಗಂಟೆಗೆ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ ಹೊಸದಾದರೂ ಸಾಕು. ಪ್ರತಿ ಅಂಕಿಯ ಕೆಳಗೆ ಅದು ಎಷ್ಟು ಹೊತ್ತಿನದು, ಎಷ್ಟು ಸಂಘಗಳದು, ಲೀಟರೋ ಕಿಲೋನೋ ಎಂಬ ಮೂರು ಮಾತು ಇರಲಿ. ತಡವಾಗಿ ಬಂದ ಲೆಕ್ಕ ಸೇರಿ ನಿನ್ನೆಯ ಅಂಕಿ ಬದಲಾದರೆ, ಬದಲಾಗಿದೆ ಎಂದು ಅಲ್ಲೇ ಬರೆದಿರಲಿ. ಇಲ್ಲವಾದರೆ ಬೆಳಗ್ಗೆ ಪ್ರಿಂಟ್ ತೆಗೆದುಕೊಂಡವರ ಅಂಕಿ ಒಂದು, ಸಂಜೆ ನೋಡಿದವರದ್ದು ಇನ್ನೊಂದು ಆಗಿ, ಸಭೆಯ ಅರ್ಧ ಸಮಯ ಯಾವುದು ಸರಿ ಎಂಬ ಜಗಳದಲ್ಲೇ ಹೋಗುತ್ತದೆ.

ಕೊನೆಯದಾಗಿ, ಈ ಪರದೆ ಒಕ್ಕೂಟದ ಕಚೇರಿಯಲ್ಲಿ ಮಾತ್ರ ಇರಬಾರದು. ಪ್ರತಿ ಸಂಘಕ್ಕೂ ತನ್ನ ಪಾಲಿನ ಪುಟ ಕಾಣಲಿ. ನೀವು ಕಳಿಸಿದ್ದು ಇಷ್ಟು, ನಮಗೆ ಸಿಕ್ಕಿದ್ದು ಇಷ್ಟು, ನಿಮ್ಮ ಇಂಥ ಹೊತ್ತಿನ ಲೆಕ್ಕ ಇನ್ನೂ ಬಂದಿಲ್ಲ ಎಂದು ಅದರಲ್ಲಿರಲಿ. ಲೆಕ್ಕ ಬಾರದ್ದನ್ನು ಒಕ್ಕೂಟಕ್ಕಿಂತ ಮೊದಲು ಸರಿಪಡಿಸಬಲ್ಲವರು ಆ ಊರಿನ ಕಾರ್ಯದರ್ಶಿ. 21 ಲೀಟರ್ ಎಲ್ಲಿ ಹೋಯಿತು ಎಂದು ಕೇಳುವ ಮೊದಲ ಹಕ್ಕು ಹಾಲು ಹಾಕಿದ ಸದಸ್ಯರದು. ಸಹಕಾರ ಸಂಘದಲ್ಲಿ ಮಾಲೀಕರು ಅವರೇ. ತಮ್ಮ ಹಾಲಿನ ಲೆಕ್ಕ ನೋಡಲು ಅವರು ವರ್ಷಕ್ಕೊಮ್ಮೆ ನಡೆಯುವ ಸರ್ವಸದಸ್ಯರ ಸಭೆಯವರೆಗೆ ಕಾಯಬೇಕಾದ ಕಾಲ ಇದಲ್ಲ.